ರಾತ್ರಿ ಕಾಲು ಸೆಳೆತ: ಮಲಗಿದಾಗ ಬರುವುದೇ, ನಡೆದಾಗ ಬರುವುದೇ?

ಕೆಲವು ತಿಂಗಳ ಹಿಂದೆ ಐವತ್ತೇಳು ವರ್ಷದ ಒಬ್ಬ ಮಹಿಳೆ ತಮ್ಮ ಪತಿ ಮತ್ತು ಮಗಳ ಜೊತೆ ಕ್ಲಿನಿಕ್‌ಗೆ ಬಂದಿದ್ದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ವಾರದಲ್ಲಿ ಮೂರು-ನಾಲ್ಕು ರಾತ್ರಿ ನಿದ್ದೆಯಲ್ಲೇ ಅವರ ಕಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಬಿಗಿದುಕೊಳ್ಳುತ್ತಿತ್ತು. "ತಹಜ್ಜುದ್‌ಗೆ ಅಲಾರಾಂ ಇಡುವುದೇ ಬೇಡ ಡಾಕ್ಟ್ರೇ, ಅದಕ್ಕಿಂತ ಮೊದಲೇ ಈ ಕಾಲು ಎಬ್ಬಿಸಿಬಿಡುತ್ತದೆ" ಎಂದರು. ಮಗಳು ಮಾತು ಮುಂದುವರಿಸಿದಳು: "ಉಮ್ಮ ರಾತ್ರಿ ಕೂಗಿಕೊಂಡರೆ ಮನೆಯವರೆಲ್ಲ ಎದ್ದು ಕೂರುತ್ತೇವೆ. ಉಪ್ಪನಿಗೂ ಕಾಲು ಹಿಡಿದುಕೊಳ್ಳುತ್ತದೆ, ಆದರೆ ಅವರು ಹೇಳುವುದೇ ಇಲ್ಲ." ಉಪ್ಪ ಮುಗುಳ್ನಕ್ಕು, "ನನ್ನದು ವಯಸ್ಸಿನದ್ದು" ಎಂದು ಕೈಯಾಡಿಸಿದರು.

ಇಬ್ಬರೂ ಮೆಡಿಕಲ್ ಅಂಗಡಿಯಿಂದ ತಂದ ಒಂದೇ ಡಬ್ಬಿಯ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರು. ದಿನಕ್ಕೊಂದು ಬಾಳೆಹಣ್ಣನ್ನೂ ತಿನ್ನುತ್ತಿದ್ದರು. ಇಬ್ಬರಿಗೂ ಗುಣವಾಗಿರಲಿಲ್ಲ. ಒಂದೇ ಮನೆಯ, ಒಂದೇ ಹೆಸರಿನ ಆ ಎರಡು ನೋವುಗಳು ಎರಡು ಬೇರೆ ಕಾಯಿಲೆಗಳಾಗಿದ್ದವು. ಒಂದು ಖನಿಜಾಂಶದ ಕೊರತೆ, ಇನ್ನೊಂದು ರಕ್ತನಾಳದ ತೊಂದರೆ. ಅವೆರಡನ್ನು ಹೇಗೆ ಬೇರ್ಪಡಿಸಿದೆವು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಆ ಗುರುತುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ಕಂಡುಕೊಳ್ಳಬಹುದು.

ನಿಜವಾದ ಸೆಳೆತ ಹೇಗಿರುತ್ತದೆ?

ರಾತ್ರಿಯ ಸೆಳೆತ ಇದ್ದಕ್ಕಿದ್ದಂತೆ ಬರುತ್ತದೆ. ಮೀನಖಂಡದಲ್ಲಿ, ಕೆಲವೊಮ್ಮೆ ಅಂಗಾಲಿನಲ್ಲಿ, ಸ್ನಾಯು ತಾನಾಗಿಯೇ ಗಂಟಿನಂತೆ ಉಬ್ಬಿ ಬಿಗಿಯುತ್ತದೆ. ಕೈಯಿಟ್ಟರೆ ಆ ಗಂಟು ತಿಳಿಯುತ್ತದೆ. ಪಾದ ಮತ್ತು ಬೆರಳುಗಳು ಕೆಳಕ್ಕೆ ಎಳೆದುಕೊಳ್ಳುತ್ತವೆ. ಕೆಲವು ಸೆಕೆಂಡಿನಿಂದ ಹತ್ತು ನಿಮಿಷದೊಳಗೆ ಅದು ಬಿಡುತ್ತದೆ, ಆದರೆ ಮರುದಿನವೂ ಆ ಜಾಗ ಪೆಟ್ಟು ಬಿದ್ದಂತೆ ನೋಯುತ್ತದೆ.

ರಾತ್ರಿಯಲ್ಲೇ ಹೆಚ್ಚಾಗಿ ಬರಲು ಒಂದು ಕಾರಣ ನಾವು ಮಲಗುವ ಭಂಗಿ. ಮಲಗಿದಾಗ ಪಾದ ಸಹಜವಾಗಿ ಕೆಳಕ್ಕೆ ಬಾಗಿರುತ್ತದೆ, ಹೊದಿಕೆಯ ಭಾರ ಅದನ್ನು ಇನ್ನಷ್ಟು ಬಾಗಿಸುತ್ತದೆ. ಆಗ ಮೀನಖಂಡದ ಸ್ನಾಯು ಮೊದಲೇ ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಆ ಹೊತ್ತಿನಲ್ಲಿ ನರದಿಂದ ಒಂದು ಅನಗತ್ಯ ಪ್ರಚೋದನೆ ಬಂದರೂ ಅದು ಪೂರ್ತಿ ಬಿಗಿದುಕೊಳ್ಳುತ್ತದೆ. ಐವತ್ತು ದಾಟಿದವರಲ್ಲಿ ಇದು ಸಾಮಾನ್ಯ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಬರುವುದೂ ಸಾಮಾನ್ಯ. ಎಷ್ಟು ಪರೀಕ್ಷೆ ಮಾಡಿದರೂ ಹೆಚ್ಚಿನವರಲ್ಲಿ ಯಾವ ಕಾಯಿಲೆಯೂ ಸಿಗುವುದಿಲ್ಲ. ತಿಂಗಳಿಗೊಮ್ಮೆ ಎರಡು ಬಾರಿ ಬಂದುಹೋಗುವ ಸೆಳೆತಕ್ಕೆ ಗಾಬರಿಯಾಗಬೇಕಾಗಿಲ್ಲ.

ಸೆಳೆತ ಬಂದ ಕ್ಷಣದಲ್ಲಿ ಮನೆಯವರು ಸಾಮಾನ್ಯವಾಗಿ ಗಂಟನ್ನು ಗಟ್ಟಿಯಾಗಿ ಒತ್ತಿ ತಿಕ್ಕಲು ಶುರುಮಾಡುತ್ತಾರೆ. ಅದಕ್ಕಿಂತ ಮೊದಲು ಮಾಡಬೇಕಾದದ್ದು ಸ್ನಾಯುವನ್ನು ಎಳೆದು ನೀಳವಾಗಿಸುವುದು. ಮಂಡಿಯನ್ನು ನೇರ ಮಾಡಿ, ಕಾಲ್ಬೆರಳುಗಳನ್ನು ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆಯಿರಿ. ಕೈಗೆ ಎಟಕದಿದ್ದರೆ ಒಂದು ಟವೆಲನ್ನು ಅಂಗಾಲಿಗೆ ಹಾಕಿ ಎರಡೂ ತುದಿಯನ್ನು ಎಳೆಯಬಹುದು. ಎದ್ದು ನಿಲ್ಲಲು ಸಾಧ್ಯವಾದರೆ ಹಿಮ್ಮಡಿಯನ್ನು ನೆಲಕ್ಕೆ ಊರಿ ದೇಹದ ಭಾರ ಬಿಡಿ. ಆದರೆ ವಯಸ್ಸಾದವರು ಕತ್ತಲೆಯಲ್ಲಿ ಧಡಕ್ಕನೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ಸೆಳೆತಕ್ಕಿಂತ ದೊಡ್ಡ ಅಪಾಯ. ಅವರು ಮಂಚದ ಅಂಚಿನಲ್ಲಿ ಕುಳಿತೇ ಇದನ್ನು ಮಾಡಲಿ. ಗಂಟು ಬಿಟ್ಟ ಮೇಲೆ ಮೃದುವಾಗಿ ಉಜ್ಜಬಹುದು, ಬಿಸಿ ಶಾಖವನ್ನೂ ಕೊಡಬಹುದು. ಆದರೆ ಶಾಖ ಎಲ್ಲರಿಗೂ ಅಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಆ ಮಹಿಳೆಗೆ ಏನಾಗಿತ್ತು?

ವಾರಕ್ಕೆ ಮೂರು-ನಾಲ್ಕು ಬಾರಿ ಬರುವ ಸೆಳೆತಕ್ಕೆ ಕಾರಣ ಹುಡುಕಬೇಕು. ಮೊದಲ ಹುಡುಕಾಟ ಔಷಧದ ಚೀಲದಲ್ಲೇ ಆಗಬೇಕು. "ನಿತ್ಯ ತಿನ್ನುವ ಮಾತ್ರೆಗಳನ್ನೆಲ್ಲ ತನ್ನಿ" ಎಂದಾಗ ಅವರು ಮೂರು ಪಟ್ಟಿಗಳನ್ನು ಮೇಜಿನ ಮೇಲಿಟ್ಟರು. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮತ್ತು ಕ್ಲೋರ್‌ಥಾಲಿಡೋನ್, ಹೊಟ್ಟೆ ಉರಿಗೆ ಪ್ಯಾಂಟೊಪ್ರಜೋಲ್. ಕ್ಲೋರ್‌ಥಾಲಿಡೋನ್ ಮೂತ್ರವನ್ನು ಹೆಚ್ಚಿಸಿ ಒತ್ತಡ ಇಳಿಸುವ ಮಾತ್ರೆ. ಒತ್ತಡ ಹತೋಟಿಗೆ ಬಾರದ ಕಾರಣ ಎರಡು ತಿಂಗಳ ಹಿಂದೆ ಅದನ್ನು 12.5 ಮಿಲಿಗ್ರಾಂನಿಂದ 25ಕ್ಕೆ ಏರಿಸಲಾಗಿತ್ತು. ಸೆಳೆತ ಶುರುವಾದದ್ದು ಯಾವಾಗ ಎಂದು ಕೇಳಿದೆ. ಮಗಳು ಲೆಕ್ಕ ಹಾಕಿ ಹೇಳಿದಳು, ಒಂದೂವರೆ ತಿಂಗಳಿನಿಂದ.

ಈ ಬಗೆಯ ಮಾತ್ರೆಗಳು ನೀರಿನ ಜೊತೆ ಪೊಟ್ಯಾಸಿಯಂ, ಸೋಡಿಯಂ, ಮೆಗ್ನೀಸಿಯಂಗಳನ್ನೂ ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಒತ್ತಡದ ಮಾತ್ರೆಯ ಹೆಸರಿನ ಕೊನೆಯಲ್ಲಿ 'ಎಚ್' ಅಥವಾ 'ಸಿಎಚ್' ಎಂಬ ಅಕ್ಷರ ಇದ್ದರೆ ಹೆಚ್ಚಾಗಿ ಇದೇ ಜಾತಿಯ ಔಷಧ ಅದರಲ್ಲಿ ಸೇರಿದೆ ಎಂದು ಅರ್ಥ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂತಹ ಆ್ಯಸಿಡಿಟಿ ಮಾತ್ರೆಗಳು ಕೆಲವು ದಿನಕ್ಕೆ ನಿರಪಾಯ. ಆದರೆ ವರ್ಷಗಟ್ಟಲೆ ತಿಂದರೆ ಕೆಲವರಲ್ಲಿ ಕರುಳು ಮೆಗ್ನೀಸಿಯಂ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಈ ಬಗ್ಗೆ ಎಚ್ಚರಿಕೆ ನೀಡಿತ್ತು. ನಮ್ಮಲ್ಲಿ ಬಿರಿಯಾನಿ ತಿಂದ ರಾತ್ರಿ ಒಂದು ಮಾತ್ರೆ ಎಂದು ಶುರುವಾದದ್ದು ಬೆಳಗಿನ ಚಹಾದಷ್ಟೇ ಅಭ್ಯಾಸವಾಗಿ ಹೋಗಿರುತ್ತದೆ. ಇವರು ಮೂರು ವರ್ಷದಿಂದ ತಿನ್ನುತ್ತಿದ್ದರು.

ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.1 ಬಂತು, ಇರಬೇಕಾದದ್ದು ಸುಮಾರು 3.5ರಿಂದ 5. ಮೆಗ್ನೀಸಿಯಂ 1.3 ಇತ್ತು, ಅದು ಸುಮಾರು 1.7ಕ್ಕಿಂತ ಮೇಲಿರಬೇಕು. ಕ್ಯಾಲ್ಸಿಯಂ ಸರಿಯಾಗಿತ್ತು, ಅಂದರೆ ಅವರು ತಿನ್ನುತ್ತಿದ್ದ ಡಬ್ಬಿ ಅವರಿಗೆ ಬೇಕಾಗಿಯೇ ಇರಲಿಲ್ಲ. ಮೆಗ್ನೀಸಿಯಂ ಕಡಿಮೆ ಇರುವಾಗ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಳ್ಳಲಾರದು. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ತುಂಬಿದರೆ ತೂತಾದ ಕೊಡಕ್ಕೆ ನೀರು ಹೊಯ್ದಂತೆ. ದಿನಕ್ಕೊಂದು ಬಾಳೆಹಣ್ಣು ಈ ಸೋರಿಕೆಗೆ ಸಾಲದು.

ಒತ್ತಡದ ಮಾತ್ರೆಯನ್ನು ಬದಲಿಸಿದೆವು, ಆ್ಯಸಿಡಿಟಿ ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದೆವು. ಪೊಟ್ಯಾಸಿಯಂ ಸಿರಪ್ ಮತ್ತು ಮೆಗ್ನೀಸಿಯಂ ಮಾತ್ರೆಯನ್ನು ಕೆಲವು ದಿನ ಕೊಟ್ಟು ಮತ್ತೆ ರಕ್ತ ಪರೀಕ್ಷಿಸಿದೆವು. ಮೂರನೇ ವಾರಕ್ಕೆ ಸೆಳೆತ ವಾರಕ್ಕೊಂದಕ್ಕೆ ಇಳಿಯಿತು. ಇಲ್ಲಿ ಒಂದು ಮಾತು: ಇದನ್ನು ಓದಿ ಯಾರೂ ತಮ್ಮ ಬಿ.ಪಿ. ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ. ಸೆಳೆತದಿಂದ ನಿದ್ದೆ ಕೆಡುತ್ತದೆ, ಏರಿದ ಒತ್ತಡದಿಂದ ಪಾರ್ಶ್ವವಾಯು ಬರುತ್ತದೆ. ಮಾತ್ರೆಯ ಪಟ್ಟಿಯನ್ನು ವೈದ್ಯರ ಮುಂದಿಟ್ಟು "ಇದರಿಂದ ಇರಬಹುದೇ?" ಎಂದು ಕೇಳಿದರೆ ಸಾಕು. ಕೊಬ್ಬಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆ, ಆಸ್ತಮಾದ ಇನ್‌ಹೇಲರ್‌ಗಳ ವಿಷಯದಲ್ಲೂ ಹೀಗೆಯೇ. ಅದೇ ರೀತಿ, ಮೂತ್ರಪಿಂಡದ ಕಾಯಿಲೆ ಇರುವವರು ಸೆಳೆತಕ್ಕೆಂದು ಸೀಯಾಳ, ಬಾಳೆಹಣ್ಣು ಹೆಚ್ಚು ತೆಗೆದುಕೊಂಡರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಅಪಾಯವಾಗಬಹುದು. ಒಬ್ಬರಿಗೆ ಮದ್ದಾದದ್ದು ಅವರಿಗೆ ವಿಷ.

ಕ್ಯಾಲ್ಸಿಯಂ ನಿಜಕ್ಕೂ ಕಡಿಮೆಯಾದಾಗ ಕಾಲಿನ ಸೆಳೆತ ಒಂಟಿಯಾಗಿ ಬರುವುದು ಅಪರೂಪ. ತುಟಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮುಗುಡುತ್ತದೆ, ಕೈಯ ಬೆರಳುಗಳು ಒಟ್ಟಾಗಿ ಹೆಬ್ಬೆರಳು ಅಂಗೈಯೊಳಗೆ ಸೆಟೆದುಕೊಳ್ಳುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆ ಆದವರಲ್ಲಿ, ವಿಟಮಿನ್ ಡಿ ತೀರಾ ಇಳಿದವರಲ್ಲಿ ಇದನ್ನು ನೋಡುತ್ತೇವೆ. ಮನೆಯೊಳಗೇ ಇದ್ದು ಬಿಸಿಲು ಕಾಣದ ಮಹಿಳೆಯರಿಗೆ ವಿಟಮಿನ್ ಡಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಟೆರೇಸು ಅಥವಾ ಹಿತ್ತಿಲಿನ ಮರೆಯಲ್ಲಿ ಕೈಕಾಲಿಗೆ ಬಿಸಿಲು ಬೀಳುವಂತೆ ಕೂರಲು ಯಾವ ಅಡ್ಡಿಯೂ ಇಲ್ಲ.

ಉಪವಾಸದ ದಿನಗಳಲ್ಲಿ

ರಮಝಾನಿನಲ್ಲಿ ಸೆಳೆತದ ದೂರು ಹೆಚ್ಚು ಕೇಳುತ್ತೇನೆ. ಹಗಲಿಡೀ ಬೆವರಿ, ಇಫ್ತಾರ್‌ನಲ್ಲಿ ಒಂದೇ ಬಾರಿಗೆ ಒಂದು ಲೀಟರ್ ನೀರು ಕುಡಿದರೆ ಹೆಚ್ಚಿನದು ಬೇಗನೆ ಮೂತ್ರವಾಗಿ ಹೋಗುತ್ತದೆ. ಇಫ್ತಾರ್‌ನಿಂದ ಸಹರಿಯವರೆಗೆ ಗಂಟೆಗೊಂದು ಲೋಟದಂತೆ ಹಂಚಿ ಕುಡಿಯುವುದು ಮೇಲು. ಕಟ್ಟಡದ ಕೆಲಸ, ಮೀನುಗಾರಿಕೆ, ಬೇಕರಿಯ ಒಲೆಯ ಮುಂದಿನ ಕೆಲಸ ಮಾಡುವವರಿಗೆ ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಅವರಿಗೆ ಬರೀ ನೀರಿಗಿಂತ ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆ ಅಥವಾ ಓಆರ್‌ಎಸ್ ಒಳ್ಳೆಯದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇರುವವರು ಮಾತ್ರ ಆ ಮಿತಿಯನ್ನು ಮೀರಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ರಮಝಾನ್ ಶುರುವಾಗುವ ಮೊದಲೇ ಹೊತ್ತು ಮತ್ತು ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ.

ಮಲಗುವ ಮುನ್ನ ಮೂರು ನಿಮಿಷ

ಕಾರಣ ಸಿಗದ ಸೆಳೆತಕ್ಕೆ ನಾನು ಮೊದಲು ಹೇಳುವುದು ಈ ಎಳೆತದ ವ್ಯಾಯಾಮ. ಗೋಡೆಯಿಂದ ಎರಡು-ಎರಡೂವರೆ ಅಡಿ ದೂರ, ಗೋಡೆಗೆ ಮುಖ ಮಾಡಿ ನಿಲ್ಲಿ. ಹಿಮ್ಮಡಿ ನೆಲಬಿಟ್ಟು ಏಳದಂತೆ, ಮಂಡಿ ಬಾಗದಂತೆ ಗೋಡೆಗೆ ಕೈಯೂರಿ ಮುಂದಕ್ಕೆ ವಾಲಿ. ಮೀನಖಂಡದಲ್ಲಿ ಎಳೆತ ಗೊತ್ತಾಗಬೇಕು, ನೋವಾಗಬಾರದು. ಹತ್ತರಿಂದ ಇಪ್ಪತ್ತು ಎಣಿಸುವವರೆಗೆ ಹಾಗೇ ಇದ್ದು ನೇರ ನಿಲ್ಲಿ. ಇದನ್ನು ಮೂರು ಬಾರಿ ಮಾಡಿ. ಇಶಾ ನಮಾಝ್ ಮುಗಿಸಿ ಮಲಗುವ ಮುನ್ನ ಎಂದು ಹೊತ್ತು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ 55 ದಾಟಿದವರು ಆರು ವಾರ ರಾತ್ರಿ ಇಂತಹ ಎಳೆತ ಮಾಡಿದಾಗ ಸೆಳೆತ ಕಡಿಮೆಯಾದದ್ದನ್ನು 2012ರ ಅಧ್ಯಯನವೊಂದು ತೋರಿಸಿತು. ಇನ್ನೊಂದು ಅಧ್ಯಯನದಲ್ಲಿ ಅಂತಹ ಲಾಭ ಕಾಣಲಿಲ್ಲ. ಆದರೂ ಖರ್ಚಿಲ್ಲ, ಹಾನಿಯಿಲ್ಲ, ಹಾಗಾಗಿ ಒಂದೂವರೆ ತಿಂಗಳು ಮಾಡಿ ನೋಡಲು ಹೇಳುತ್ತೇನೆ.

"ದಿನಕ್ಕೆ ಐದು ಹೊತ್ತು ನಮಾಝ್ ಮಾಡುತ್ತೇವಲ್ಲ, ಅದೇ ವ್ಯಾಯಾಮ ಸಾಲದೇ?" ಎಂದು ಕೆಲವರು ಕೇಳುತ್ತಾರೆ. ನಮಾಝ್ ಇರುವುದು ಆರಾಧನೆಗಾಗಿ. ರುಕೂವಿನಲ್ಲಿ ತೊಡೆಯ ಹಿಂಭಾಗಕ್ಕೆ ಎಳೆತ ಸಿಗುತ್ತದೆ ನಿಜ, ಆದರೆ ಮೀನಖಂಡಕ್ಕೆ ಬೇಕಾದಷ್ಟು ಸಿಗುವುದಿಲ್ಲ. ಕುಳಿತ ಸ್ಥಿತಿಯಲ್ಲಂತೂ ಮಡಚಿದ ಪಾದ ಕೆಳಕ್ಕೆ ಚಾಚಿರುವುದರಿಂದ ಸೆಳೆತದ ಸ್ವಭಾವ ಇರುವವರಿಗೆ ಅಲ್ಲೇ ಅಂಗಾಲು ಹಿಡಿದುಕೊಳ್ಳುವುದುಂಟು. ಅಂಥವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಸಂಕೋಚ ಪಡಬೇಕಿಲ್ಲ.

ಮಾತ್ರೆಗಳ ಬಗ್ಗೆ ಎರಡು ಮಾತು. ರಕ್ತದಲ್ಲಿ ಕೊರತೆ ಇಲ್ಲದ ವಯಸ್ಸಾದವರಿಗೆ ಮೆಗ್ನೀಸಿಯಂ ಮಾತ್ರೆಯಿಂದ ಹೇಳಿಕೊಳ್ಳುವಂತಹ ಉಪಯೋಗ ಇಲ್ಲ ಎಂಬುದೇ ಈವರೆಗಿನ ಅಧ್ಯಯನಗಳ ಒಟ್ಟು ತೀರ್ಮಾನ, ಭೇದಿ ಮಾತ್ರ ಆಗಬಹುದು. ಹಿಂದೆ ಸೆಳೆತಕ್ಕೆ ಕ್ವಿನೈನ್ ಕೊಡುತ್ತಿದ್ದರು. ಅದು ಸೆಳೆತವನ್ನು ಸ್ವಲ್ಪ ಇಳಿಸುತ್ತದೆಯಾದರೂ ಪ್ಲೇಟ್‌ಲೆಟ್ ಕುಸಿದು ರಕ್ತಸ್ರಾವವಾಗುವ, ಹೃದಯಬಡಿತ ಏರುಪೇರಾಗುವ ಅಪಾಯವಿದೆ. ಯಾರಾದರೂ ಹಳೆಯ ಚೀಟಿ ನೋಡಿ ತಂದುಕೊಟ್ಟರೆ ತಿನ್ನಬೇಡಿ.

ಉಪ್ಪನ ಕಾಲಿನ ಕತೆ ಬೇರೆ

ಅರವತ್ತಮೂರು ವರ್ಷದ ಪತಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೀಡಿ ಬಿಟ್ಟಿದ್ದೇನೆ ಎಂದರು. ಮಗಳು ತಲೆ ತಗ್ಗಿಸಿದ್ದು ನೋಡಿ ಮತ್ತೆ ಕೇಳಿದಾಗ "ದಿನಕ್ಕೆ ಐದಾರು ಮಾತ್ರ" ಎಂದರು. ಅವರ ನೋವಿನ ವಿವರ ಕೇಳಿದೆ. ಗಂಟು ಕಟ್ಟುತ್ತದೆಯೇ? ಇಲ್ಲ. ಯಾವಾಗ ಬರುತ್ತದೆ? ಮನೆಯಿಂದ ಮಸೀದಿಗೆ ಹೋಗುವಾಗ ಪ್ರತಿ ದಿನ ಹೆಚ್ಚುಕಡಿಮೆ ಅದೇ ವಿದ್ಯುತ್ ಕಂಬದ ಹತ್ತಿರ. ಎರಡು-ಮೂರು ನಿಮಿಷ ನಿಂತರೆ ಹೋಗುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಬರುತ್ತದೆ. ಏರುದಾರಿಯಲ್ಲಿ ಬೇಗ ಬರುತ್ತದೆ. ದಾರಿಯಲ್ಲಿ ನಿಂತದ್ದು ತಿಳಿಯದಿರಲೆಂದು ಅವರು ಅಂಗಡಿಯವನ ಜೊತೆ ಮಾತಿಗೆ ನಿಲ್ಲುವುದನ್ನು ರೂಢಿಸಿಕೊಂಡಿದ್ದರು.

ಇಷ್ಟು ಕೇಳಿದರೆ ಅನುಮಾನ ಹೆಚ್ಚುಕಡಿಮೆ ಖಚಿತ. ಕಾಲಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿದೆ. ಕುಳಿತಿದ್ದಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗುತ್ತದೆ, ನಡೆಯುವಾಗ ಬೇಡಿಕೆ ಏರಿದಾಗ ಸಾಲುವುದಿಲ್ಲ. ಹಾಗಾಗಿ ನಿಗದಿತ ದೂರದಲ್ಲಿ ನೋವು, ನಿಂತರೆ ಶಮನ. ನಿಜವಾದ ಸೆಳೆತ ನಡೆದಾಗ ಬಿಡುತ್ತದೆ, ಇದು ನಡೆದಾಗ ಬರುತ್ತದೆ.

"ರಾತ್ರಿ ಹೇಗಿರುತ್ತದೆ?" ಎಂಬುದು ನನ್ನ ಮುಂದಿನ ಪ್ರಶ್ನೆ. ರಕ್ತ ಸಂಚಾರ ತೀರಾ ಕುಂದಿದವರಿಗೆ ಮಲಗಿದ ಮೇಲೆ ಕಾಲ್ಬೆರಳು, ಪಾದದ ಮುಂಭಾಗದಲ್ಲಿ ಉರಿನೋವು ಬರುತ್ತದೆ. ಅವರು ಕಾಲನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟಾಗ ಸಮಾಧಾನ, ಏಕೆಂದರೆ ಭೂಮಿಯ ಸೆಳೆತದಿಂದ ಸ್ವಲ್ಪ ಹೆಚ್ಚು ರಕ್ತ ಪಾದಕ್ಕೆ ಇಳಿಯುತ್ತದೆ. ಕೆಲವರು ಕುರ್ಚಿಯಲ್ಲೇ ನಿದ್ದೆ ಮಾಡುತ್ತಾರೆ. ಮನೆಯಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ಅದನ್ನು ಸೆಳೆತ ಎಂದು ಬಿಡಬೇಡಿ, ಅದೇ ವಾರ ವೈದ್ಯರಿಗೆ ತೋರಿಸಿ. ಇವರಿಗೆ ಅದೃಷ್ಟವಶಾತ್ ಆ ಹಂತ ಬಂದಿರಲಿಲ್ಲ.

ವುಝೂ ಮಾಡುವಾಗ ಪಾದ ನೋಡಿಕೊಳ್ಳಲು ಒಳ್ಳೆಯ ಅವಕಾಶ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ? ಮೊಣಕಾಲ ಕೆಳಗಿನ ಕೂದಲು ಉದುರಿ ಚರ್ಮ ಹೊಳೆಯುತ್ತಿದೆಯೇ? ಬೆರಳುಗಳ ಸಂದಿಯಲ್ಲಿ ವಾರಗಳಾದರೂ ಆರದ ಗಾಯವಿದೆಯೇ? ಒಳಗಿನ ಪಾದದ ಗಂಟಿನ ಹಿಂದೆ ಎರಡು ಬೆರಳಿಟ್ಟರೆ ನಾಡಿ ಸಿಗಬೇಕು. ಸಿಗದಿದ್ದರೆ ವೈದ್ಯರಿಗೆ ತೋರಿಸಿ, ಅಭ್ಯಾಸವಿಲ್ಲದವರಿಗೆ ಸಿಗದೆಯೂ ಇರಬಹುದು. ಇವರ ಬಲಗಾಲಿನಲ್ಲಿ ನಾಡಿ ನನಗೂ ಸಿಗಲಿಲ್ಲ.

ಇದನ್ನು ಅಳೆಯುವ ಪರೀಕ್ಷೆ ಸರಳ, ನೋವಿಲ್ಲದ್ದು. ಬಿ.ಪಿ. ಪಟ್ಟಿಯನ್ನು ತೋಳಿಗೂ ಪಾದದ ಗಂಟಿನ ಮೇಲೂ ಕಟ್ಟಿ, ಸಣ್ಣ ಡಾಪ್ಲರ್ ಉಪಕರಣದಿಂದ ಒತ್ತಡ ನೋಡುತ್ತಾರೆ. ಕಾಲಿನ ಒತ್ತಡವನ್ನು ತೋಳಿನದ್ದರಿಂದ ಭಾಗಿಸುತ್ತಾರೆ. ಇವರ ತೋಳಿನಲ್ಲಿ 150, ಎಡಗಾಲಿನಲ್ಲಿ 132, ಬಲಗಾಲಿನಲ್ಲಿ 96. ಅಂದರೆ ಎಡಕ್ಕೆ 0.88, ಬಲಕ್ಕೆ 0.64. ಇದು 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳ ಗಡುಸಾಗಿ ಸಂಖ್ಯೆ ಸುಳ್ಳಾಗಿ ಹೆಚ್ಚು ಬರುವುದುಂಟು. ಅಂಥವರಿಗೆ ಸ್ಕ್ಯಾನ್ ಬೇಕಾಗುತ್ತದೆ.

ಕಾಲಿನ ನಾಳದಲ್ಲಿ ಕೊಬ್ಬು ಕಟ್ಟಿದವರ ಹೃದಯ ಮತ್ತು ಮೆದುಳಿನ ನಾಳಗಳಲ್ಲೂ ಕಟ್ಟಿರುವ ಸಾಧ್ಯತೆ ಹೆಚ್ಚು. "ವಯಸ್ಸಿನದ್ದು" ಎಂದು ಕೈಯಾಡಿಸಿದ್ದ ಹಾಜಿಯವರಿಗೆ ಇದನ್ನು ಹೇಳಿದಾಗ ಮೊದಲ ಬಾರಿ ಅವರ ಮುಖ ಗಂಭೀರವಾಯಿತು. ಬೀಡಿ ಪೂರ್ತಿ ನಿಲ್ಲಬೇಕಿತ್ತು, ಐದಾರೂ ಅಲ್ಲ, ಒಂದೂ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಸ್ಟ್ಯಾಟಿನ್, ಸಕ್ಕರೆಯ ಹತೋಟಿ. ಅದರ ಜೊತೆ ನಡಿಗೆ. ನೋವು ಬರುವವರೆಗೆ ನಡೆಯುವುದು, ಸಾಕಷ್ಟು ನೋವಾದಾಗ ನಿಲ್ಲುವುದು, ಹೋದ ಮೇಲೆ ಮತ್ತೆ ನಡೆಯುವುದು, ಹೀಗೆ ಅರ್ಧದಿಂದ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು. ನೋವು ಬಂದರೆ ಕಾಲು ಹಾಳಾಗುತ್ತದೆ ಎಂದು ಹೆದರಿ ನಡೆಯುವುದನ್ನೇ ಬಿಡುವವರು ಹೆಚ್ಚು, ಆದರೆ ಈ ನಡಿಗೆಯೇ ಅವರಿಗೆ ಮದ್ದು.

ಶಾಖದ ವಿಷಯ ಹೇಳುತ್ತೇನೆ ಎಂದಿದ್ದೆ. ಮಗಳು ಇಬ್ಬರ ಕಾಲಿಗೂ ರಾತ್ರಿ ಬಿಸಿನೀರಿನ ಚೀಲ ಇಡುತ್ತಿದ್ದಳು. ಉಮ್ಮನಿಗೆ ಅದರಿಂದ ಹಿತ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದು ತಿಳಿಯುವುದಿಲ್ಲ, ರಕ್ತ ಸಾಲದ ಕಾಲಿನಲ್ಲಿ ಸುಟ್ಟ ಗಾಯ ಆರುವುದಿಲ್ಲ. ಬೆರಳು ಕತ್ತರಿಸುವವರೆಗೆ ಹೋದ ಕೆಲವು ಗಾಯಗಳ ಶುರುವಾತು ಇಂತಹ ಚೀಲವೇ. ಉಪ್ಪನ ಚೀಲವನ್ನು ಅಂದೇ ನಿಲ್ಲಿಸಲು ಹೇಳಿದೆ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದಾಗ

ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಮೀನಖಂಡದ ನೋವು ಗಂಟೆಗಟ್ಟಲೆ ಬಿಡದಿದ್ದರೆ ಅದು ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಿರಬಹುದು. ಉಮ್ರಾದಿಂದ, ಗಲ್ಫ್‌ನಿಂದ ಗಂಟೆಗಟ್ಟಲೆ ಕುಳಿತು ಪ್ರಯಾಣಿಸಿ ಬಂದವರು, ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯ ನಂತರ ಮಲಗಿಯೇ ಇರುವವರು ಇದರ ಬಗ್ಗೆ ಎಚ್ಚರದಿಂದಿರಬೇಕು. ಆ ಕಾಲನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಉಸಿರು ಕಟ್ಟುತ್ತದೆ. ಬಾಣಂತಿಗೆ ಎಣ್ಣೆಸ್ನಾನ ಮಾಡಿಸುವವರಿಗೆ ಈ ಮಾತನ್ನು ಮುಖ್ಯವಾಗಿ ತಿಳಿಸಿ. ಇದ್ದಕ್ಕಿದ್ದಂತೆ ಒಂದು ಕಾಲು ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು ತೀವ್ರ ನೋವು ಬಂದರೆ ರಕ್ತ ಪೂರ್ತಿ ನಿಂತಿದೆ ಎಂದರ್ಥ. ಅಂತಹ ಕಾಲನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆಗಳು, ಬೆಳಗಾಗಲಿ ಎಂದು ಕಾಯಬೇಡಿ.

ನಾಲ್ಕು ತಿಂಗಳ ನಂತರ ಆ ದಂಪತಿ ಮತ್ತೆ ಬಂದಿದ್ದರು. ಉಮ್ಮನ ಪೊಟ್ಯಾಸಿಯಂ 4.2. ತಿಂಗಳಿಗೊಮ್ಮೆ ಸೆಳೆತ ಬಂದರೂ ಗೋಡೆಯ ಎಳೆತವನ್ನು ಬಿಟ್ಟಿರಲಿಲ್ಲ. ಬೀಡಿಯ ಲೆಕ್ಕ ಕೇಳಿದಾಗ ಈ ಬಾರಿ ಮಗಳು ತಲೆ ತಗ್ಗಿಸಲಿಲ್ಲ. ಮಸೀದಿಗೆ ಹೋಗುವ ದಾರಿಯಲ್ಲಿ ಎರಡು ಕಡೆ ನಿಲ್ಲುತ್ತಿದ್ದ ಉಪ್ಪ ಈಗ ಒಂದೇ ಕಡೆ, ಅದೂ ಏರು ಬಂದಾಗ ಮಾತ್ರ ನಿಲ್ಲುತ್ತಾರಂತೆ.